ಒಕ್ಕಣೆ ಬಂದಿದೆ, ಓಲೆ ಬಂದಿಲ್ಲ

ಪ್ರಾಚೀನ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆ ಹೆಸರು ಮಾತ್ರ ಉಳಿದು ಕೃತಿ ಸಿಗದ ಕಾವ್ಯಗಳ ಪರಿಚಯ ಬಹು ಬೇಗನೆ ಆಗುತ್ತದೆ. ಒಂದನೆಯ ಗುಣವರ್ಮನ 'ಶೂದ್ರಕ' ಮತ್ತು 'ಹರಿವಂಶ'ಗಳು ಇಡಿಯಾಗಿ ದೊರೆತಿಲ್ಲ. ಅನಂತರದವರು ಉದ್ಧರಿಸಿಕೊಂಡ ಬಿಡಿ ಪದ್ಯಗಳಿಂದ ಅವು ಇದ್ದವೆಂದು ತಿಳಿಯುತ್ತದೆ. ಪೊನ್ನನ 'ಭುವನೈಕರಾಮಾಭ್ಯುದಯ'ವೂ ಇದೇ ಸಾಲಿಗೆ ಸೇರುತ್ತದೆ. ಕೇಶಿರಾಜನು 'ಶಬ್ದಮಣಿದರ್ಪಣ'ದ ಆರಂಭದಲ್ಲಿ ತನಗೆ ಲಕ್ಷ್ಯವಾದ ಕವಿಗಳನ್ನು ಸಾಲಾಗಿ ಹೆಸರಿಸುತ್ತಾನೆ. ಅವರಲ್ಲಿ ಗಜಗ, ಗುಣನಂದಿ ಮೊದಲಾದವರ ಕಾವ್ಯಗಳು ಇಂದು ನಮ್ಮ ಕೈಯಲ್ಲಿಲ್ಲ. ಕೃತಿ ಇದ್ದುದು ನಿಜ, ಈಗ ಕೈಯಲ್ಲಿ ಇಲ್ಲದಿರುವುದೂ ಅಷ್ಟೇ ನಿಜ. ಈ ಎರಡು ನಿಜಗಳನ್ನು ಒಂದರೊಳಗೊಂದು ಬೆರಸದೆ ಹೇಳುವುದನ್ನು ಸಾಹಿತ್ಯಚರಿತ್ರಕಾರರು ಶಿಸ್ತಾಗಿ ರೂಢಿಸಿಕೊಂಡಿದ್ದಾರೆ. 'ಹರಿವಂಶ'ವನ್ನು ವಿಮರ್ಶಿಸಲು ಹೊರಟು ಅದರ ಕಥಾಸಂವಿಧಾನವನ್ನು ತಾವೇ ಊಹಿಸಿ ಬರೆದುಬಿಡುವ ವಿದ್ವಾಂಸರು ಯಾರೂ ಇಲ್ಲ.

ಆದರೆ ಇದೇ ಸ್ಥಿತಿ ಅತಿ ಸಣ್ಣ ರೂಪದಲ್ಲಿ ದಿನನಿತ್ಯ ಎದುರಾದಾಗ ಆ ಶಿಸ್ತು ಸಡಿಲವಾಗುವುದುಂಟು. ಕರಡು ತಿದ್ದುವ ಕೆಲಸ ಮಾಡುವವರಿಗೆ "ಇದನ್ನು ಸರಿಪಡಿಸಿ ಕೊಡಿ" ಎಂಬ ಪತ್ರ ಬರುತ್ತದೆ. ಪತ್ರ ಬಂದಿರುತ್ತದೆ, 'ಇದು' ಬಂದಿರುವುದಿಲ್ಲ. ಲಗತ್ತಿಸಿದ್ದೇನೆಂದು ಕಳುಹಿಸಿದವರು ನಂಬಿದ್ದಾರೆ; ಪಡೆದವರ ಮುಂದೆ ಒಕ್ಕಣೆ ಮಾತ್ರ ಇದೆ. ಇಲ್ಲದ ಪಠ್ಯವನ್ನು ತಿದ್ದುವುದು ಅಸಾಧ್ಯವಾದ್ದರಿಂದ ಇಲ್ಲಿ ತಪ್ಪಾಗುವ ಸಂಭವವೇ ಇಲ್ಲವೆಂದು ಮೇಲುನೋಟಕ್ಕೆ ತೋರಬಹುದು. ವಾಸ್ತವದಲ್ಲಿ ಅತಿ ದುಬಾರಿಯಾದ ತಪ್ಪುಗಳು ಆಗುವುದು ಇಲ್ಲಿಯೇ. ಪಠ್ಯ ಇಲ್ಲವೆಂಬ ತೆರವನ್ನು ತುಂಬಲು ಸುತ್ತಮುತ್ತ ಯಾವಾಗಲೂ ಏನಾದರೊಂದು ಇದ್ದೇ ಇರುತ್ತದೆ: ಹಳೆಯ ಕರಡು, ಹಿಂದಿನ ಮಾತುಕತೆಯ ನೆನಪು, ಪತ್ರದ ಎರಡು ಸಾಲಿನಿಂದ ಮಾಡಬಹುದಾದ ಊಹೆ.

ಮೈಸೂರಿನಲ್ಲಿ ನೆಲಸಿರುವ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಹಲವು ವರ್ಷಗಳಿಂದ ಸಂಶೋಧನ ವಿದ್ಯಾರ್ಥಿಗಳ ಪ್ರಬಂಧಗಳನ್ನು ಸಲ್ಲಿಕೆಗೆ ಮುನ್ನ ಓದಿ ತಿದ್ದಿಕೊಡುತ್ತಾರೆ. ಹಣ ತೆಗೆದುಕೊಳ್ಳುವುದಿಲ್ಲ, ಬದಲಿಗೆ ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದಾರೆ. ತಮಗೆ ಬಂದು ತಲುಪಿದ ಪ್ರತಿ ಯಾವುದೆಂಬುದನ್ನು ಕಳುಹಿಸಿದವರೂ ತಾವೂ ಒಪ್ಪುವವರೆಗೆ ಒಂದು ಕಾಗುಣಿತವನ್ನೂ ಮುಟ್ಟುವುದಿಲ್ಲ. ಆ ಕಟ್ಟುನಿಟ್ಟು ಹೇಗೆ ನಡೆಯುತ್ತದೆ, ಏಕೆ ಬೇಕು ಎಂಬುದಕ್ಕೆ ಅವರ ಒಂದು ರಾತ್ರಿಯ ಕೆಲಸವೇ ಸಾಕಾದ ನಿದರ್ಶನ.

ಅವರ ಹಳೆಯ ವಿದ್ಯಾರ್ಥಿನಿ, ಈಗ ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಅಧ್ಯಾಪಕಿ, ಅಲಭ್ಯ ಕನ್ನಡ ಕಾವ್ಯಗಳ ಉದ್ಧೃತ ಪದ್ಯಗಳನ್ನು ಕುರಿತು ಮಹಾಪ್ರಬಂಧ ಸಿದ್ಧಪಡಿಸುತ್ತಿದ್ದರು. ತಿಂಗಳ 20ನೆಯ ತಾರೀಖು ರಾತ್ರಿ 9.40ಕ್ಕೆ ಅವರಿಂದ ಮಿಂಚಂಚೆ ಬಂತು: "ಸರ್, ಮೂರನೆಯ ಅಧ್ಯಾಯ. ಇದನ್ನು ಸರಿಪಡಿಸಿ ಕೊಡಿ. ನಾಳೆ ಸಂಜೆ 4 ಗಂಟೆಯೊಳಗೆ ಗೈಡ್‌ಗೆ ಕೊಡಬೇಕು." ಅಷ್ಟೇ. ಕೆಳಗೆ ಯಾವ ಕಡತವೂ ಇರಲಿಲ್ಲ.

ಮೇಷ್ಟ್ರು ಮೊದಲು ಮಾಡಿದ್ದು ತಮ್ಮ ಕಡೆಯನ್ನು ಪರೀಕ್ಷಿಸಿಕೊಂಡದ್ದು. ಬಾರದಿರುವುದು ಬೇರೆ, ಬಂದೂ ಕಾಣದಿರುವುದು ಬೇರೆ. ಎರಡನೆಯದಾಗಿದ್ದರೆ "ಬಂದಿಲ್ಲ" ಎಂಬ ಮಾತು ಸುಳ್ಳಾಗುತ್ತದೆ, ಕಳುಹಿಸಿದವರು ಅದೇ ಕಡತವನ್ನು ಮತ್ತೆ ಮತ್ತೆ ಕಳುಹಿಸುತ್ತ ಹೊತ್ತು ಕಳೆಯುತ್ತಾರೆ. ಫೋನಿನಲ್ಲಿ ನೋಡಿದ ಪತ್ರವನ್ನು ಅವರು ಗಣಕದಲ್ಲಿಯೂ ತೆರೆದರು. ಪತ್ರದ ಕೊನೆಯವರೆಗೆ ಸರಿಸಿ ನೋಡಿದರು. ಜಿಮೇಲ್ ಬಹಳ ಉದ್ದವಾದ ಪತ್ರದ ತುದಿಯನ್ನು ಕತ್ತರಿಸಿ ಉಳಿದದ್ದನ್ನು ಬೇರೆಯಾಗಿ ತೆರೆಯಲು ಹೇಳುವುದುಂಟು, ಅಂಟಿಸಿದ ಪಠ್ಯ ಅಲ್ಲಿ ಅಡಗಿರಬಹುದು. ಸ್ಪ್ಯಾಮ್ ಪೆಟ್ಟಿಗೆಯನ್ನು ನೋಡಿದರು. ಅದೇ ಹೊತ್ತಿಗೆ ವಾಟ್ಸ್ಆ್ಯಪ್‌ನಲ್ಲಿ ಏನಾದರೂ ಬಂದಿದೆಯೇ ಎಂದು ನೋಡಿದರು. ಒಕ್ಕಣೆಯನ್ನು ಒಂದು ದಾರಿಯಲ್ಲಿ, ಕಡತವನ್ನು ಇನ್ನೊಂದು ದಾರಿಯಲ್ಲಿ ಕಳುಹಿಸುವವರಿದ್ದಾರೆ. ಪತ್ರದೊಳಗೆ ಡ್ರೈವ್ ಕೊಂಡಿಯೇನಾದರೂ ಇದೆಯೇ ಎಂದೂ ಹುಡುಕಿದರು. ಲಗತ್ತು 25 ಎಂಬಿ ಮೀರಿದರೆ ಜಿಮೇಲ್ ಅದನ್ನು ಕೊಂಡಿಯಾಗಿ ಮಾರ್ಪಡಿಸುತ್ತದೆ, ಆ ಕೊಂಡಿಗೆ ಅನುಮತಿ ದೊರೆತಿರದಿದ್ದರೆ ಪಡೆದವರ ಪಾಲಿಗೆ ಅದು ಬೀಗ ಹಾಕಿದ ಬಾಗಿಲು. ಇಷ್ಟಕ್ಕೆ ಐದು ನಿಮಿಷ ಹಿಡಿಯಿತು. ಎಲ್ಲಿಯೂ ಏನೂ ಇರಲಿಲ್ಲ.

ಈ ಹುಡುಕಾಟದಲ್ಲಿ ಇನ್ನೊಂದು ಸಿಕ್ಕಿತು. ಅದೇ ತಿಂಗಳ 3ರಂದು ವಿದ್ಯಾರ್ಥಿನಿ ಅಭಿಪ್ರಾಯಕ್ಕಾಗಿ ಕಳುಹಿಸಿದ್ದ ಮೂರನೆಯ ಅಧ್ಯಾಯದ 41 ಪುಟಗಳ ಕರಡು ಅವರ ಪೆಟ್ಟಿಗೆಯಲ್ಲಿಯೇ ಇತ್ತು. ಅಧ್ಯಾಯ ಅದೇ, ಶೀರ್ಷಿಕೆ ಅದೇ. ಸಮಯ ಕಡಿಮೆ ಇದೆ. ರಾತ್ರಿಯೇ ಅದನ್ನು ತಿದ್ದಲು ತೊಡಗಿ, ಹೊಸ ಕಡತ ಬಂದ ಮೇಲೆ ತಿದ್ದುಪಡಿಗಳನ್ನು ಅದಕ್ಕೆ ಸೇರಿಸಿದರಾಯಿತು ಎಂದು ಯಾರಿಗಾದರೂ ತೋರುತ್ತದೆ. ಈ ಆಲೋಚನೆಯಲ್ಲಿ ದುರುದ್ದೇಶವೇನೂ ಇಲ್ಲ, ಸಹಾಯ ಮಾಡುವ ತವಕವೇ ಇದೆ. ಅಪಾಯ ಇರುವುದೂ ಆ ತವಕದಲ್ಲಿಯೇ.

ಗ್ರಂಥಸಂಪಾದನೆಯನ್ನು ಅಭ್ಯಾಸ ಮಾಡಿದವರಿಗೆ ಆ ಅಪಾಯದ ಸ್ವರೂಪ ಪರಿಚಿತವಾದದ್ದೇ. ಹಳೆಯ ಕರಡನ್ನು ಒಬ್ಬರು ತಿದ್ದುತ್ತ ಹೋದಾಗ ಒಂದು ಕೃತಿಗೆ ಎರಡು ಪಾಠಪರಂಪರೆಗಳು ಹುಟ್ಟುತ್ತವೆ. ಲೇಖಕಿಯ ಬಳಿ ಇರುವ ಪ್ರತಿಯಲ್ಲಿ ಅವರು ಹದಿನೇಳು ದಿನಗಳಲ್ಲಿ ಸೇರಿಸಿದ್ದು ಮತ್ತು ಬಿಟ್ಟಿದ್ದು ಇರುತ್ತವೆ. ಮೇಷ್ಟ್ರ ಬಳಿ ಇರುವ ಪ್ರತಿಯಲ್ಲಿ ಭಾಷೆಯ ತಿದ್ದುಪಡಿಗಳಿರುತ್ತವೆ. ಒಂದರಲ್ಲಿರುವುದು ಇನ್ನೊಂದರಲ್ಲಿಲ್ಲ. ಸಲ್ಲಿಕೆಯ ದಿನ ಈ ಎರಡನ್ನೂ ಒಂದು ಮಾಡಲು ಕುಳಿತರೆ ಪ್ರತಿಯೊಂದು ಭಿನ್ನಪಾಠದ ಮುಂದೆಯೂ ಇದು ತಿದ್ದಿದ್ದೋ, ಹಳೆಯದೋ, ಬೇಕೆಂದೇ ಬದಲಿಸಿದ್ದೋ ಎಂದು ಕೇಳಿಕೊಳ್ಳಬೇಕು. ಹೊಸ ಪ್ರತಿಯನ್ನು ಮೊದಲಿನಿಂದ ತಿದ್ದುವುದಕ್ಕಿಂತ ಈ ಕೆಲಸ ಹೆಚ್ಚು ಹೊತ್ತು ಹಿಡಿಯುತ್ತದೆ. ಅದಕ್ಕಿಂತ ಹೆಚ್ಚಿನ ಕೇಡೆಂದರೆ, ಲೇಖಕರು ಕೈಬಿಟ್ಟ ಮಾತು ತಿದ್ದಿದ ಪ್ರತಿಯ ಮೂಲಕ ಸದ್ದಿಲ್ಲದೆ ಒಳಗೆ ಬರಬಹುದು. ಅಚ್ಚುಕಟ್ಟಾಗಿ ತಿದ್ದಿದ ವಾಕ್ಯವನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ.

ಇನ್ನೂ ಒಂದು ಸಂಗತಿ ಇದೆ. 'ಸರಿಪಡಿಸು' ಎಂಬ ಕ್ರಿಯಾಪದಕ್ಕೆ ಪಠ್ಯದ ಹೊರಗೆ ನಿಶ್ಚಿತವಾದ ಅರ್ಥವಿಲ್ಲ. ಕಾಗುಣಿತವನ್ನು ಸರಿಪಡಿಸುವುದು, ವಾಕ್ಯಗಳನ್ನು ಸರಿಪಡಿಸುವುದು, ಅಡಿಟಿಪ್ಪಣಿಗಳನ್ನು ಒಂದೇ ಕ್ರಮಕ್ಕೆ ತರುವುದು, ವಾದದ ದೋಷವನ್ನು ತಿದ್ದುವುದು, ಪುಟವಿನ್ಯಾಸವನ್ನು ಹೊಂದಿಸುವುದು - ಇವೆಲ್ಲಕ್ಕೂ ಒಂದೇ ಮಾತು. ಪಠ್ಯ ಕಣ್ಣಮುಂದಿದ್ದರೆ ಬಹುಪಾಲು ಸಂದರ್ಭಗಳಲ್ಲಿ ಅದೇ ಅರ್ಥವನ್ನು ಹೇಳುತ್ತದೆ: ಪುಟದ ಅಂಚಿನಲ್ಲಿ ಗೈಡ್ ಹಾಕಿದ ಗುರುತುಗಳಿರುತ್ತವೆ, ಹಳದಿ ಬಣ್ಣ ಬಳಿದ ಸಾಲುಗಳಿರುತ್ತವೆ. ಪಠ್ಯವಿಲ್ಲದಿದ್ದಾಗ ಆ ಕ್ರಿಯಾಪದ ಓದುಗನ ಊಹೆಗೆ ಬಿಟ್ಟ ಶ್ಲೇಷೆ. ಬಾರದ ಕಡತದೊಡನೆ ಬಾರದೇ ಉಳಿಯುವುದು ಪಠ್ಯವೊಂದೇ ಅಲ್ಲ, ಕೋರಿಕೆಯ ಅರ್ಥವೂ ಹೌದು.

ಆದ್ದರಿಂದ ಮೇಷ್ಟ್ರು ಹಳೆಯ ಕರಡನ್ನು ತೆರೆಯಲಿಲ್ಲ. 9.55ಕ್ಕೆ ಉತ್ತರ ಬರೆದರು. ಅದರ ಒಕ್ಕಣೆ ಹೀಗಿತ್ತು:

"ನಿನ್ನ ಪತ್ರ 9.40ಕ್ಕೆ ಬಂದಿದೆ. ಅದರಲ್ಲಿ ಮೂರು ಪುಟ್ಟ ವಾಕ್ಯಗಳಿವೆ. ಅಧ್ಯಾಯದ ಕಡತ ಇಲ್ಲ. ಸ್ಪ್ಯಾಮ್ ಮತ್ತು ವಾಟ್ಸ್ಆ್ಯಪ್ ಎರಡನ್ನೂ ನೋಡಿದೆ, ಅಲ್ಲಿಯೂ ಇಲ್ಲ. ನನ್ನಲ್ಲಿರುವುದು 3ನೆಯ ತಾರೀಖಿನ ಹಳೆಯ ಕರಡು ಮಾತ್ರ. ಅದನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಈಗಿನ ಪ್ರತಿಯನ್ನು ಲಗತ್ತಿಸಿ ಕಳಿಸಮ್ಮ. ಜೊತೆಗೆ ಅದರಲ್ಲಿ ಅಡಿಟಿಪ್ಪಣಿಗಳು ಎಷ್ಟು, ಕೊನೆಯ ವಾಕ್ಯ ಯಾವುದು ಎಂದು ಪತ್ರದಲ್ಲೇ ಬರೆ. ಭಾಷೆ ಮಾತ್ರ ನೋಡಬೇಕೋ, ವಾದವನ್ನೂ ನೋಡಬೇಕೋ ತಿಳಿಸು. ಹನ್ನೊಂದರವರೆಗೆ ಎದ್ದಿರುತ್ತೇನೆ, ಬೆಳಿಗ್ಗೆ ಐದಕ್ಕೆ ಕೆಲಸ ಶುರುಮಾಡಿದರೆ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ."

ಈ ಉತ್ತರದಲ್ಲಿ ಗಮನಿಸಬೇಕಾದದ್ದು ಅದರ ಕ್ರಮ. "ಏನೂ ಬಂದಿಲ್ಲ" ಎಂದು ಅವರು ಬರೆಯಲಿಲ್ಲ; ಏನು ಬಂದಿದೆ, ಏನು ಬಂದಿಲ್ಲ ಎಂದು ಬಿಡಿಸಿ ಬರೆದರು. ಪತ್ರವೇ ತಲುಪಿಲ್ಲವೆಂದು ಭಾವಿಸಿ ವಿಳಾಸದ ತಪ್ಪನ್ನು ಹುಡುಕುವ ಶ್ರಮ ಇದರಿಂದ ತಪ್ಪುತ್ತದೆ. ಎಲ್ಲೆಲ್ಲಿ ಹುಡುಕಿದೆನೆಂದು ಹೇಳಿದ್ದರಿಂದ "ಸ್ಪ್ಯಾಮ್ ನೋಡಿದಿರಾ ಸರ್" ಎಂಬ ಒಂದು ಸುತ್ತು ಪತ್ರವ್ಯವಹಾರ ಉಳಿಯಿತು. ತಮ್ಮ ಬಳಿ ಹಳೆಯ ಕರಡು ಇರುವುದನ್ನೂ ಅದನ್ನು ಬಳಸುತ್ತಿಲ್ಲವೆಂಬುದನ್ನೂ ಮುಚ್ಚಿಡದೆ ಹೇಳಿದ್ದು ಬಹಳ ಮುಖ್ಯ. ಹೇಳದಿದ್ದರೆ, ಸರ್ ಹತ್ತಿರ ಅಧ್ಯಾಯ ಇದ್ದೇ ಇದೆಯಲ್ಲ ಎಂದು ಆಕೆ ನಿಶ್ಚಿಂತೆಯಿಂದ ಮಲಗಬಹುದಿತ್ತು. ಕೇಳಿದ್ದು ಕಡತ, ಅದನ್ನು ಗುರುತಿಸುವ ಎರಡು ಚಿಹ್ನೆ, ಕೆಲಸದ ಎಲ್ಲೆ, ಇಷ್ಟೇ. ರಾತ್ರಿ ಹತ್ತು ಗಂಟೆಗೆ ಆತಂಕದಲ್ಲಿರುವವರಿಗೆ ಏಳು ಪ್ರಶ್ನೆ ಕಳುಹಿಸಿದರೆ ಉತ್ತರ ಬರುವುದು ಒಂದಕ್ಕೆ, ಅದೂ ಎಲ್ಲಕ್ಕಿಂತ ಸುಲಭವಾದದ್ದಕ್ಕೆ. ಯಾವ ಉದ್ಧರಣ ಶೈಲಿ, ಯಾವ ಅಕ್ಷರ ಗಾತ್ರ ಎಂಬಂಥವು ಕಡತ ತೆರೆದ ಕೂಡಲೇ ತಾವಾಗಿಯೇ ತಿಳಿಯುತ್ತವೆ; ಅವನ್ನು ಕೇಳುವ ಅಗತ್ಯವಿಲ್ಲ.

ಕೊನೆಯ ವಾಕ್ಯವನ್ನು ಬರೆದು ಕಳುಹಿಸೆಂದು ಕೇಳುವ ಪದ್ಧತಿಯನ್ನು ಮೇಷ್ಟ್ರು ಹಸ್ತಪ್ರತಿಗಳಿಂದ ಕಲಿತದ್ದು. ಓಲೆಗರಿಯ ಲಿಪಿಕಾರರು ಗ್ರಂಥದ ತುದಿಯಲ್ಲಿ ಕೃತಿ ಮುಗಿಯಿತೆಂಬ ಸಮಾಪ್ತಿವಾಕ್ಯವನ್ನು ಬರೆಯುತ್ತಿದ್ದರು. ಎಷ್ಟೋ ಕಡೆ ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಸಿ ಕೃತಿಯ ಒಟ್ಟು ಗ್ರಂಥಸಂಖ್ಯೆಯನ್ನೂ ನಮೂದಿಸುತ್ತಿದ್ದರು. ಗರಿಗಳು ಬಿಡಿಬಿಡಿಯಾಗಿ ಇರುವುದರಿಂದ ನಡುವಿನ ಒಂದು ಗರಿ ಕಳೆದರೂ ಕಟ್ಟು ಪೂರ್ಣವಾಗಿರುವಂತೆಯೇ ಕಾಣುತ್ತದೆ. ಗರಿಯ ಅಂಕ, ಗ್ರಂಥಸಂಖ್ಯೆ, ಸಮಾಪ್ತಿವಾಕ್ಯ ಈ ಮೂರೂ ಹೊಂದಿದಾಗ ಮಾತ್ರ ಪ್ರತಿ ಸಮಗ್ರವೆಂದು ಹೇಳಲು ಧೈರ್ಯ ಬರುತ್ತದೆ. ಗಣಕದ ಕಡತಕ್ಕೂ ಇದು ಅನ್ವಯಿಸುತ್ತದೆ. ಪುಟಸಂಖ್ಯೆ ಮಾತ್ರ ಇಲ್ಲಿ ನಂಬಲರ್ಹವಲ್ಲ. ಕಳುಹಿಸಿದವರ ಗಣಕದಲ್ಲಿದ್ದ ಫಾಂಟ್ ಪಡೆದವರಲ್ಲಿ ಇಲ್ಲದಿದ್ದರೆ ಅದೇ ಅಧ್ಯಾಯ ಮೂರು ನಾಲ್ಕು ಪುಟ ಹಿಗ್ಗಬಹುದು, ಕುಗ್ಗಬಹುದು. ಅಡಿಟಿಪ್ಪಣಿಯ ಸಂಖ್ಯೆಯೂ ಕೊನೆಯ ವಾಕ್ಯವೂ ಫಾಂಟಿಗೆ ಬಗ್ಗುವಂಥವಲ್ಲ.

10.25ಕ್ಕೆ ಎರಡನೆಯ ಪತ್ರ ಬಂತು. ಈ ಬಾರಿ ಲಗತ್ತು ಇತ್ತು. ಅಡಿಟಿಪ್ಪಣಿ 63 ಎಂದೂ ಕೊನೆಯ ವಾಕ್ಯ ಇಂಥದೆಂದೂ ವಿದ್ಯಾರ್ಥಿನಿ ಬರೆದಿದ್ದರು. ಮೇಷ್ಟ್ರು ಕಡತವನ್ನು ತೆರೆಯಲು ಪ್ರಯತ್ನಿಸಿದರು, ತೆರೆಯಲಿಲ್ಲ. ಹಾಳಾಗಿದೆ, ಮತ್ತೆ ಕಳುಹಿಸು ಎಂದು ಬರೆಯುವ ಮುನ್ನ ಅವರು ಕಡತದ ಹೆಸರನ್ನೂ ಅದರ ಗಾತ್ರವನ್ನೂ ನೋಡಿದರು. ಹೆಸರು ಹೀಗಿತ್ತು:

```
~$hyaya_3.docx
```

ಗಾತ್ರ 162 ಬೈಟ್. ಯೂನಿಕೋಡ್ ಕನ್ನಡವನ್ನು ಸಾದಾ ಪಠ್ಯವಾಗಿ ಉಳಿಸಿದರೆ ಸಾಮಾನ್ಯವಾಗಿ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. 162 ಬೈಟಿನಲ್ಲಿ ಹಿಡಿಸುವುದು 54 ಸಂಕೇತಗಳು, ಎಂದರೆ ಒಂದು ಕಂದಪದ್ಯವೂ ಹಿಡಿಸದು. ಅರವತ್ತಮೂರು ಅಡಿಟಿಪ್ಪಣಿಗಳ ಅಧ್ಯಾಯ ಅದರೊಳಗೆ ಹಾಳಾಗಿ ಕುಳಿತಿರಲಾರದು. ಅದು ಅಲ್ಲಿ ಇಲ್ಲವೇ ಇಲ್ಲ. ವರ್ಡ್‌ನಲ್ಲಿ `adhyaya_3.docx` ಎಂಬ ಕಡತವನ್ನು ತೆರೆದಾಗ, ಇದನ್ನು ಯಾರೋ ಬಳಸುತ್ತಿದ್ದಾರೆಂದು ಗುರುತಿಸಲು ಅದು ಪಕ್ಕದಲ್ಲಿ ಒಂದು ತಾತ್ಕಾಲಿಕ ಕಡತವನ್ನು ಸೃಷ್ಟಿಸಿಕೊಳ್ಳುತ್ತದೆ. ಮೂಲದ ಹೆಸರಿನ ಮೊದಲ ಎರಡು ಅಕ್ಷರಗಳ ಜಾಗದಲ್ಲಿ `~$` ಎಂಬ ಗುರುತು ಇರುವುದರಿಂದ ಅದನ್ನು ಕೂಡಲೇ ಪತ್ತೆಹಚ್ಚಬಹುದು. ಅದರೊಳಗೆ ಬಳಸುತ್ತಿರುವವರ ಹೆಸರಿರುತ್ತದೆಯೇ ಹೊರತು ಪಠ್ಯವಿರುವುದಿಲ್ಲ. ಸಾಮಾನ್ಯವಾಗಿ ಅದು ಕಣ್ಣಿಗೆ ಬೀಳುವುದಿಲ್ಲ, ಮೂಲವನ್ನು ಮುಚ್ಚಿದೊಡನೆ ಅಳಿದುಹೋಗುತ್ತದೆ. ಆದರೆ ಅಡಗಿದ ಕಡತಗಳನ್ನೂ ತೋರಿಸುವಂತೆ ಹೊಂದಿಸಿದ ಗಣಕದಲ್ಲಿ ಅದು ಕಾಣುತ್ತದೆ; ಗಣಕ ನಡುವೆ ನಿಂತುಹೋದರೆ ಅಳಿಯದೆ ಉಳಿಯುತ್ತದೆ. ಅವಸರದಲ್ಲಿ ಹೆಸರುಪಟ್ಟಿಯಿಂದ ಆಯ್ದುಕೊಳ್ಳುವವರಿಗೆ ಎರಡೂ ಒಂದೇ ರೀತಿ ತೋರುತ್ತವೆ.

ಇಲ್ಲಿಗೆ ಪತ್ರ ಸಾಕು, ಮಾತು ಬೇಕು ಎಂದು ಮೇಷ್ಟ್ರು ನಿರ್ಧರಿಸಿದರು. ಎರಡು ಬಾರಿ ಪತ್ರದಲ್ಲಿ ತಪ್ಪಿದ್ದು ಮೂರನೆಯ ಬಾರಿ ಪತ್ರದಲ್ಲಿಯೇ ಸರಿಯಾಗುವುದು ಅಪರೂಪ. ಫೋನು ಮಾಡಿದರು.

"ಸರ್, ಈಗ ಕಳಿಸಿದ್ದೀನಲ್ಲ, ಬಂತಾ?"

"ಏನೋ ಬಂದಿದೆಯಮ್ಮ, ಆದರೆ ಅದು ಅಧ್ಯಾಯ ಅಲ್ಲ. ನಿನ್ನ ಗಣಕದಲ್ಲಿ ಹೆಸರನ್ನ ಓದಿ ಹೇಳು. ಮೊದಲ ಅಕ್ಷರ ಏನಿದೆ?"

"ಅಯ್ಯೋ... ಅಲೆಯ ಥರ ಒಂದು ಗೆರೆ, ಆಮೇಲೆ ಡಾಲರ್ ಗುರುತು. ಸಂಜೆ ಕರೆಂಟು ಹೋಗಿ ಗಣಕ ನಿಂತುಬಿಟ್ಟಿತ್ತು ಸರ್. ಆಮೇಲಿಂದ ಇದೊಂದು ಕಾಣಿಸ್ತಿದೆ."

"ಹಾಗಾದರೆ ಅದನ್ನ ಬಿಡು. ಅದರ ಪಕ್ಕದಲ್ಲಿ 'ಎ' ಇಂದ ಶುರುವಾಗೋದು ಇದೆಯಾ? ಕಳಿಸೋಕೆ ಮುಂಚೆ ಅದನ್ನ ತೆರೆದು ನೋಡು. ಕರೆಂಟು ಹೋಗೋಕೆ ಮುಂಚೆ ಬರೆದದ್ದೆಲ್ಲ ಅದರಲ್ಲಿ ಇದೆಯಾ ಅಂತ ಖಚಿತ ಮಾಡಿಕೊ."

ಈ ಕೊನೆಯ ಮಾತು ಮುಖ್ಯವಾಯಿತು. ವಿದ್ಯಾರ್ಥಿನಿ ತೆರೆದು ನೋಡಿದಾಗ ಸಂಜೆ ಸೇರಿಸಿದ್ದ ಕೊನೆಯ ಎರಡು ಕಂಡಿಕೆಗಳು ಇರಲಿಲ್ಲ. ವರ್ಡ್ ತಾನಾಗಿ ಉಳಿಸಿಕೊಂಡಿದ್ದ ಚೇತರಿಕೆ ಪ್ರತಿಯಲ್ಲಿ ಅವು ಸಿಕ್ಕಿದವು. ಕಡತ ಸಿಕ್ಕಿತೆಂದು ಹಾಗೆಯೇ ಕಳುಹಿಸಿದ್ದರೆ ತುದಿ ಮುರಿದ ಓಲೆ ಬರುತ್ತಿತ್ತು. ಆಗಲೂ ಅದು ಬಯಲಾಗುತ್ತಿತ್ತು, ಏಕೆಂದರೆ ಆಕೆ ಮೊದಲೇ ಬರೆದು ಕಳುಹಿಸಿದ್ದ ಕೊನೆಯ ವಾಕ್ಯ ಅದರಲ್ಲಿ ಇರುತ್ತಿರಲಿಲ್ಲ. ಫೋನಿನಲ್ಲಿಯೇ ಇನ್ನೊಂದು ಪ್ರಶ್ನೆಗೂ ಉತ್ತರ ದೊರೆಯಿತು: "ಭಾಷೆ, ಅಡಿಟಿಪ್ಪಣಿ ಮಾತ್ರ ಸರ್. ವಾದ ಗೈಡ್ ಒಪ್ಪಿದ್ದಾರೆ."

10.50ಕ್ಕೆ ಮೂರನೆಯ ಪತ್ರ. ಆಕೆಯ ಗಣಕದಲ್ಲಿ 48 ಪುಟ, ಮೇಷ್ಟ್ರ ಗಣಕದಲ್ಲಿ 51. ಅಡಿಟಿಪ್ಪಣಿ ಎರಡರಲ್ಲಿಯೂ 63. ಕೊನೆಯ ವಾಕ್ಯ ಅಕ್ಷರಶಃ ಅದೇ. ಮೇಷ್ಟ್ರು "ಸಮಗ್ರವಾಗಿ ತಲುಪಿದೆ, 63 ಟಿಪ್ಪಣಿ ಇದೆ" ಎಂದು ಒಂದು ಸಾಲು ಬರೆದು ಮಲಗಿದರು.

ಬೆಳಿಗ್ಗೆ ಓದತೊಡಗಿದಾಗ ಹಳೆಯ ಕರಡಿಗೂ ಇದಕ್ಕೂ ಇದ್ದ ಅಂತರ ಕಂಡಿತು. 3ರ ಕರಡಿನಲ್ಲಿ, ಹಳೆಯ ಸಂಕಲನಗಳಲ್ಲಿ ಕವಿಯ ಹೆಸರಿಲ್ಲದೆ ಬಂದಿರುವ ಕೆಲವು ಪದ್ಯಗಳನ್ನು ಶೈಲಿಸಾಮ್ಯದ ಆಧಾರದ ಮೇಲೆ ಗುಣವರ್ಮನವೆಂದು ಎಣಿಸಿದ ಎರಡು ಪುಟಗಳಿದ್ದವು. ಹೊಸ ಪ್ರತಿಯಲ್ಲಿ ಅವನ್ನು ತೆಗೆದುಹಾಕಿ, ಆ ಪದ್ಯಗಳ ಕರ್ತೃತ್ವವನ್ನು ನಿರ್ಣಯಿಸಲು ಶೈಲಿಸಾಮ್ಯವೊಂದೇ ಸಾಲದೆಂದು ಒಂಬತ್ತು ಪುಟಗಳ ಹೊಸ ಭಾಗವನ್ನು ಸೇರಿಸಲಾಗಿತ್ತು. ಎಂದರೆ ವಾದವೇ ತಲೆಕೆಳಗಾಗಿತ್ತು. ರಾತ್ರಿ ಹಳೆಯ ಕರಡನ್ನು ತಿದ್ದಿದ್ದರೆ ಆ ಎರಡು ಪುಟಗಳು ನಯವಾದ ಭಾಷೆಯಲ್ಲಿ ಮರಳಿ ಬರುತ್ತಿದ್ದವು. ಸಲ್ಲಿಕೆಯ ಅವಸರದಲ್ಲಿ ಯಾರ ಕಣ್ಣಿಗೂ ಬೀಳದೆ, ಒಂದೇ ಅಧ್ಯಾಯದಲ್ಲಿ ಪದ್ಯಗಳು ಒಮ್ಮೆ ಗುಣವರ್ಮನವೂ ಇನ್ನೊಮ್ಮೆ ಕರ್ತೃ ತಿಳಿಯದವೂ ಆಗಿ ಪರೀಕ್ಷಕರ ಮುಂದೆ ನಿಲ್ಲುತ್ತಿದ್ದವು. ಅದಕ್ಕೆ ಉತ್ತರ ಹೇಳಬೇಕಾದವರು ಮೇಷ್ಟ್ರಲ್ಲ, ಆ ವಿದ್ಯಾರ್ಥಿನಿ.

ಕಡತ ಬಾರದಿರುವ ಈ ಬಗೆಗಳ ಜೊತೆಗೆ, ಬಂದ ಪಠ್ಯವೇ ಓದಲಾಗದಿರುವ ಬಗೆ ಒಂದಿದೆ. ಕನ್ನಡದಲ್ಲಿ ಕೆಲಸ ಮಾಡುವವರು ಅದನ್ನು ಬೇರೆಯಾಗಿ ಗುರುತಿಸಬೇಕು. ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬೆರಳಚ್ಚಾದ ಪಠ್ಯವನ್ನು ಪತ್ರದೊಳಗೆ ಅಂಟಿಸಿದರೆ 'ಕನ್ನಡ' ಎಂಬ ಪದ ಹೀಗೆ ಕಾಣುತ್ತದೆ:

```
PÀ£ÀßqÀ
```

ಇದನ್ನು ನೋಡಿ ಪಠ್ಯ ಬಂದಿಲ್ಲ, ಕಸ ಬಂದಿದೆ ಎನ್ನುವುದು ಸರಿಯಲ್ಲ. ಪಠ್ಯ ಪೂರ್ತಿಯಾಗಿ ಬಂದಿದೆ. ಅದಕ್ಕೆ ತೊಡಿಸಬೇಕಾದ ಫಾಂಟ್ ಬಂದಿಲ್ಲ. ಇಲ್ಲಿ ಮತ್ತೆ ಕಳುಹಿಸೆಂದು ಕೇಳಿದರೆ ಅದೇ ಮರಳಿ ಬರುತ್ತದೆ. ಅದನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡು, ಪರಿವರ್ತನೆಯ ಬಳಿಕ ಱ, ೞ ಇರುವ ಹಳಗನ್ನಡ ಉದ್ಧರಣೆಗಳನ್ನು ಒಂದೊಂದಾಗಿ ಹೋಲಿಸಿ ನೋಡಬೇಕು. ಹೋಲಿಸಲು ಮೂಲದ ಪಿಡಿಎಫ್ ಪ್ರತಿಯೊಂದನ್ನು ಕೇಳಿದರೆ ಸಾಕು. ಪ್ರಶ್ನೆ ಏನೆಂಬುದು ಬಂದಿರುವುದರ ಸ್ವರೂಪವನ್ನು ಅವಲಂಬಿಸಿದೆ: ಏನೂ ಇಲ್ಲದಿದ್ದರೆ ಕಡತವನ್ನು, ಹೊಟ್ಟು ಬಂದಿದ್ದರೆ ಕಾಳನ್ನು, ಗೂಢಲಿಪಿ ಬಂದಿದ್ದರೆ ಅದರ ಕೀಲಿಯನ್ನು ಕೇಳಬೇಕು.

ಈ ಎಚ್ಚರಕ್ಕೂ ಒಂದು ಮಿತಿಯಿದೆ. ಬಂದ ಕಡತ ಸಮಗ್ರವೆಂದು ಅದು ತೋರಿಸಬಲ್ಲದು, ಲೇಖಕರು ಕಳುಹಿಸಲು ಉದ್ದೇಶಿಸಿದ ಪ್ರತಿಯೇ ಅದೆಂದು ಯಾವಾಗಲೂ ತೋರಿಸಲಾರದು. ಕೊನೆಯ ವಾಕ್ಯವನ್ನು ತಪ್ಪು ಪ್ರತಿಯಿಂದಲೇ ನಕಲು ಮಾಡಿದ್ದರೆ ಎಲ್ಲವೂ ಹೊಂದಿಯೂ ಕೆಲಸ ಕೆಡುತ್ತದೆ. ಅದಕ್ಕಾಗಿ ಮೇಷ್ಟ್ರು ಮೊದಲ ಹತ್ತು ಪುಟ ತಿದ್ದಿದೊಡನೆ ಒಂದು ಬಾರಿ ತಡೆದು, ಈಚೆಗೆ ಸೇರಿಸಿದ ಭಾಗದ ತಲೆಬರಹವನ್ನು ವಿದ್ಯಾರ್ಥಿಗೆ ಹೇಳಿ "ಇದೇ ತಾನೆ?" ಎಂದು ಕೇಳುತ್ತಾರೆ. ಆ ಬೆಳಿಗ್ಗೆ ಏಳು ಗಂಟೆಗೆ ಹಾಗೆ ಕೇಳಿದಾಗ "ಅದೇ ಸರ್" ಎಂಬ ಉತ್ತರ ಬಂತು.

ಮಧ್ಯಾಹ್ನ 1.50ಕ್ಕೆ ತಿದ್ದಿದ ಅಧ್ಯಾಯ ಹೊರಟಿತು. ಬದಲಾವಣೆಗಳೆಲ್ಲ ಗುರುತಾಗಿ ಕಾಣುವಂತೆ ಇದ್ದ ಆ ಕಡತಕ್ಕೆ `adhyaya_3_tiddida.docx` ಎಂದು ಹೆಸರಿಟ್ಟು, ಒಕ್ಕಣೆಯಲ್ಲಿ ಟಿಪ್ಪಣಿಗಳ ಸಂಖ್ಯೆಯನ್ನೂ ಕೊನೆಯ ವಾಕ್ಯವನ್ನೂ ಅವರೂ ಬರೆದರು. ಅನಂತರ ಕಳುಹಿಸಿದ ಪತ್ರಗಳ ಪೆಟ್ಟಿಗೆಗೆ ಹೋಗಿ, ಆಗತಾನೆ ಹೋದ ಪತ್ರವನ್ನು ತೆರೆದು, ಅದರ ಕೆಳಗಿದ್ದ ಲಗತ್ತನ್ನು ಒತ್ತಿ, ಐವತ್ತೊಂದನೆಯ ಪುಟದವರೆಗೂ ಸರಿಸಿ ನೋಡಿ ಗಣಕವನ್ನು ಮುಚ್ಚಿದರು.